ಬೇಸ್ ಎಕ್ಸಿಷನ್ ಮತ್ತು ತುದಿ ಜೋಡಣೆ: ಡಿಎನ್‌ಎಯ ಎರಡು ದುರಸ್ತಿಗಳನ್ನು ಒಂದೇ ಕೋಶದಲ್ಲಿ ನೋಡಿದಾಗ

ಡಿಎನ್‌ಎ ದುರಸ್ತಿಯ ಪಾಠಗಳಲ್ಲಿ, ಕೆಟ್ಟ ಬೇಸನ್ನು ಅಂದರೆ ಡಿಎನ್‌ಎಯ ಅಕ್ಷರವನ್ನು ಕಿತ್ತು ಬದಲಿಸುವ ಬೇಸ್ ಎಕ್ಸಿಷನ್ ರಿಪೇರ್‌ಗೆ ಒಂದು ಅಧ್ಯಾಯವಿರುತ್ತದೆ, ನಾನ್-ಹೋಮೋಲೋಗಸ್ ಎಂಡ್ ಜಾಯಿನಿಂಗ್‌ಗೆ ಇನ್ನೊಂದು. ಎರಡನ್ನೂ ಓದಿ ಮುಗಿಸಿದ ವಿದ್ಯಾರ್ಥಿಗೆ ಕೋಶವು ಯಾವಾಗ ಯಾವುದನ್ನು ಬಳಸುತ್ತದೆ ಎಂಬುದು ಅಸ್ಪಷ್ಟವಾಗಿಯೇ ಉಳಿಯುತ್ತದೆ. ನನಗೆ ಅದು ತಿಳಿಯಾದದ್ದು ಒಂದೇ ಬಗೆಯ ಕೋಶಗಳಿಗೆ ಎರಡು ಬಗೆಯ ಪೆಟ್ಟು ಕೊಟ್ಟು, ಎರಡು ಬಗೆಯಲ್ಲಿ ಅಳೆದು ನೋಡಿದ ಮೇಲೆ. ತುಂಡಾದ ಡಿಎನ್‌ಎಯ ತುದಿಗಳನ್ನು ನೇರವಾಗಿ ಬೆಸೆಯುವ ಎಂಡ್ ಜಾಯಿನಿಂಗನ್ನು ಇಲ್ಲಿ ಚಿಕ್ಕದಾಗಿ ತುದಿ ಜೋಡಣೆ ಎನ್ನುತ್ತೇನೆ.

ಕೋಶಗಳು ಮನುಷ್ಯನ ಚರ್ಮದ ಫೈಬ್ರೊಬ್ಲಾಸ್ಟ್‌ಗಳು. ತಟ್ಟೆ ತುಂಬುವವರೆಗೆ ಬೆಳೆಸಿ, ಅವು ವಿಭಜನೆ ನಿಲ್ಲಿಸುವಂತೆ ಮಾಡಿದೆ. ಇದಕ್ಕೆ ಕಾರಣವಿದೆ. ಡಿಎನ್‌ಎ ಪ್ರತಿ ತಯಾರಾಗುವ ಹಂತದಲ್ಲಿ ಮತ್ತು ಅದರ ನಂತರ ಪಕ್ಕದಲ್ಲೇ ಒಂದು ಸೋದರ ಪ್ರತಿ ಇರುತ್ತದೆ. ಆಗ ಅದನ್ನು ನೋಡಿ ಸರಿಪಡಿಸುವ ಮೂರನೆಯ ವಿಧಾನವೂ ಕೆಲಸಕ್ಕೆ ಇಳಿಯುತ್ತದೆ. ವಿಭಜಿಸದ ಕೋಶದಲ್ಲಿ ಆ ಗೊಂದಲವಿಲ್ಲ. ಒಂದು ತಟ್ಟೆಗೆ ಮಂಜುಗಡ್ಡೆಯ ಮೇಲಿಟ್ಟು ಹೈಡ್ರೋಜನ್ ಪೆರಾಕ್ಸೈಡ್ ಹಾಕಿದೆ, ಇನ್ನೊಂದಕ್ಕೆ ಗಾಮಾ ಕಿರಣ ಕೊಟ್ಟೆ. ಮಂಜುಗಡ್ಡೆ ಏಕೆಂದರೆ, ಬೆಚ್ಚಗಿದ್ದರೆ ಪೆಟ್ಟು ಬೀಳುತ್ತಿರುವಾಗಲೇ ದುರಸ್ತಿ ಶುರುವಾಗಿ ಆರಂಭದ ಅಳತೆಯೇ ಸಿಗುವುದಿಲ್ಲ.

ಪೆರಾಕ್ಸೈಡ್ ಮಾಡುವ ಹಾನಿ ಬಹುಪಾಲು ಒಂದೇ ಎಳೆಯಲ್ಲಿರುತ್ತದೆ: ಕೆಟ್ಟ ಬೇಸ್‌ಗಳು ಮತ್ತು ಒಂಟಿ ಕಡಿತಗಳು. ಗ್ವಾನಿನ್ ಉತ್ಕರ್ಷಣಗೊಂಡು 8-ಆಕ್ಸೊಗ್ವಾನಿನ್ ಆಯಿತು ಎಂದುಕೊಳ್ಳಿ. ಓಜಿಜಿ1 ಎಂಬ ಕಿಣ್ವ ಆ ಬೇಸನ್ನು ಸಕ್ಕರೆಯಿಂದ ಬಿಡಿಸಿ ತೆಗೆಯುತ್ತದೆ. ಖಾಲಿಯಾದ ಜಾಗದಲ್ಲಿ ಎಪಿಇ1 ಎಳೆಯನ್ನು ಕತ್ತರಿಸುತ್ತದೆ. ಪಾಲಿಮರೇಸ್ ಬೀಟಾ ಉಳಿದ ಸಕ್ಕರೆಯ ತುಣುಕನ್ನು ತೆಗೆದು ಸರಿಯಾದ ಒಂದು ಅಕ್ಷರವನ್ನು ಹಾಕುತ್ತದೆ, ಲೈಗೇಸ್ 3 ಅಂಟಿಸುತ್ತದೆ. ಯಾವ ಅಕ್ಷರ ಹಾಕಬೇಕೆಂದು ಎದುರಿನ ಎಳೆಯ ಸೈಟೊಸಿನ್ ಹೇಳುತ್ತದೆ, ಆದ್ದರಿಂದ ಮೂಲ ಬರಹ ಹಾಗೆಯೇ ಮರಳುತ್ತದೆ. ಪೆರಾಕ್ಸೈಡ್ ನೇರವಾಗಿಯೇ ಎಳೆಯನ್ನು ಕತ್ತರಿಸಿದ್ದರೆ ಮೊದಲ ಹಂತಗಳು ಬೇಕಿಲ್ಲ. ಪಾರ್ಪ್1 ಎಂಬ ಪ್ರೋಟೀನ್ ಆ ಕಡಿತವನ್ನು ಗುರುತಿಸಿ ಕರೆ ಕೊಡುತ್ತದೆ, ಕೊನೆಯ ಹಂತಗಳು ಬಹುತೇಕ ಅವೇ.

ಗಾಮಾ ಕಿರಣವೂ ಬಹಳಷ್ಟು ಒಂಟಿ ಕಡಿತಗಳನ್ನು ಮಾಡುತ್ತದೆ. ಜೊತೆಗೆ ಎರಡೂ ಎಳೆಗಳನ್ನು ಒಂದೇ ಕಡೆ ತುಂಡು ಮಾಡುತ್ತದೆ. 1 ಗ್ರೇ ಪ್ರಮಾಣಕ್ಕೆ ಒಂದು ಕೋಶದಲ್ಲಿ ಸುಮಾರು 1000 ಒಂಟಿ ಕಡಿತಗಳು, 20ರಿಂದ 40 ಜೋಡಿ ಕಡಿತಗಳು ಆಗುತ್ತವೆ. ಜೋಡಿ ಕಡಿತದಲ್ಲಿ ಕೇಳಿ ತಿಳಿಯಲು ಎದುರಿನ ಎಳೆ ಇಲ್ಲ. ಕು70 ಮತ್ತು ಕು80 ಕೂಡಿದ ಉಂಗುರ ಪ್ರತಿ ತುದಿಗೂ ತೊಡಿಸಿದಂತೆ ಕೂರುತ್ತದೆ, ಡಿಎನ್‌ಎ-ಪಿಕೆ ಎಂಬ ಕಿಣ್ವ ಅಲ್ಲಿಗೆ ಬಂದು ಎರಡು ತುದಿಗಳನ್ನು ಹತ್ತಿರ ಹಿಡಿಯುತ್ತದೆ. ತುದಿ ಹರಿದು ಕೆಟ್ಟಿದ್ದರೆ ಆರ್ಟೆಮಿಸ್ ಅದನ್ನು ಟ್ರಿಮ್ ಮಾಡುತ್ತದೆ. ಕೊನೆಗೆ ಎಕ್ಸ್‌ಆರ್‌ಸಿಸಿ4 ಜೊತೆ ಲೈಗೇಸ್ 4 ಬೆಸೆಯುತ್ತದೆ. ಕತ್ತರಿಸಿ ಬಿದ್ದ ಅಕ್ಷರಗಳು ಹೋದವು, ಕೆಲವೊಮ್ಮೆ ಹೊಸದಾಗಿ ಒಂದೆರಡು ಸೇರಿಕೊಂಡವು. ಅದನ್ನು ತಪ್ಪೆಂದು ಹೇಳಬಲ್ಲ ಸಾಕ್ಷಿ ಅಲ್ಲಿ ಇಲ್ಲ.

ಅಳತೆಯಲ್ಲಿ ಎಚ್ಚರ ಬೇಕು. ಕಾಮೆಟ್ ಪರೀಕ್ಷೆಯಲ್ಲಿ ಕೋಶಗಳನ್ನು ಜೆಲ್‌ನಲ್ಲಿ ಹುದುಗಿಸಿ ವಿದ್ಯುತ್ ಹರಿಸಿದಾಗ ತುಂಡಾದ ಡಿಎನ್‌ಎ ಬಾಲದಂತೆ ಹೊರಗೆ ಎಳೆಯಲ್ಪಡುತ್ತದೆ. ಕ್ಷಾರೀಯ ದ್ರಾವಣದಲ್ಲಿ ಎಳೆಗಳು ಬೇರ್ಪಡುವುದರಿಂದ ಒಂಟಿ ಕಡಿತಗಳೂ ಬಾಲದಲ್ಲಿ ಕಾಣುತ್ತವೆ. ಪೆರಾಕ್ಸೈಡ್ ತಟ್ಟೆಯನ್ನು ತೊಳೆದು 37 ಡಿಗ್ರಿಯಲ್ಲಿಟ್ಟಾಗ ಬಾಲ ನಿಮಿಷಗಳಲ್ಲಿ ಕುಗ್ಗಲು ತೊಡಗಿ, ಗಂಟೆಯೊಳಗೆ ಬಹುತೇಕ ಇಲ್ಲವಾಯಿತು. ಗಾಮಾ ತಟ್ಟೆಯಲ್ಲೂ ಹಾಗೆಯೇ! ಅಷ್ಟನ್ನೇ ನೋಡಿದವರು ಎರಡೂ ತಟ್ಟೆ ಗುಣವಾದವೆಂದು ಬರೆದುಬಿಡಬಹುದು. ಆದರೆ ಸಾವಿರಕ್ಕೆ 30ರಷ್ಟಿರುವ ಜೋಡಿ ಕಡಿತಗಳು ಆ ಬಾಲದಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅವಕ್ಕೆ ಬೇರೆ ಕಣ್ಣು ಬೇಕು. ಜೋಡಿ ಕಡಿತದ ಸುತ್ತ ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನುಗಳಲ್ಲಿ ಒಂದಾದ ಎಚ್2ಎಎಕ್ಸ್ ಎಂಬ ಹಿಸ್ಟೋನ್‌ಗೆ ಫಾಸ್ಫೇಟ್ ಅಂಟುತ್ತದೆ. ಅದನ್ನು ಹಿಡಿಯುವ ಪ್ರತಿಕಾಯ ಹಾಕಿ ನೋಡಿದರೆ ಕೋಶಕೇಂದ್ರದಲ್ಲಿ ಹೊಳೆಯುವ ಚುಕ್ಕೆಗಳು. ಗಾಮಾ ತಟ್ಟೆಯಲ್ಲಿ ಚುಕ್ಕೆಗಳು ಅರ್ಧ ಗಂಟೆಯ ಹೊತ್ತಿಗೆ ತುಂಬಿದ್ದವು, ಬಾಲ ಮಾಯವಾದ ಮೇಲೂ ಗಂಟೆಗಟ್ಟಲೆ ಉಳಿದವು. ಪೆರಾಕ್ಸೈಡ್ ತಟ್ಟೆಯಲ್ಲಿ ಅವು ವಿರಳ.

ಹಾಗೆಯೇ, ಬಾಲವಿಲ್ಲದ ಕಾಮೆಟ್ ನೋಡಿ ಬೇಸ್ ದುರಸ್ತಿ ಮುಗಿಯಿತು ಎನ್ನುವಂತೆಯೂ ಇಲ್ಲ. ಇನ್ನೂ ಕತ್ತರಿಸದ 8-ಆಕ್ಸೊಗ್ವಾನಿನ್ ಬಾಲವನ್ನೇ ಮಾಡುವುದಿಲ್ಲ. ಜೆಲ್‌ನ ಮೇಲೆ ಎಫ್‌ಪಿಜಿ ಎಂಬ ಬ್ಯಾಕ್ಟೀರಿಯಾದ ಕಿಣ್ವ ಹಾಕಿದರೆ ಅದು ಕೆಟ್ಟ ಬೇಸ್ ಇರುವಲ್ಲಿ ಎಳೆ ಕತ್ತರಿಸಿ ಅಡಗಿದ್ದನ್ನು ತೋರಿಸುತ್ತದೆ. ಹಾಗೆ ನೋಡಿದಾಗ ಬೇಸ್‌ಗಳು ಹಿಂತಿರುಗಲು ಒಂಟಿ ಕಡಿತಗಳಿಗಿಂತ ಬಹಳ ಹೆಚ್ಚು ಹೊತ್ತು ಬೇಕಾಯಿತು. ಇಡೀ ಹೋಲಿಕೆಯಲ್ಲಿ ನಾನು ಹೆಚ್ಚು ನೆಚ್ಚುವುದು ಈ ಎಫ್‌ಪಿಜಿ ಹಂತವನ್ನೇ.

ಎರಡು ದಾರಿಗಳು ಬೇರೆ ಎಂಬುದಕ್ಕೆ ಗಟ್ಟಿ ಸಾಕ್ಷಿ ತಡೆ ಔಷಧಗಳಿಂದ ಸಿಕ್ಕಿತು. ಡಿಎನ್‌ಎ-ಪಿಕೆಯನ್ನು ಎನ್‌ಯು7441ರಿಂದ ತಡೆದಾಗ ಗಾಮಾ ಚುಕ್ಕೆಗಳು ಕರಗದೆ ನಿಂತವು, ಪೆರಾಕ್ಸೈಡ್ ಬಾಲದ ಕುಗ್ಗುವಿಕೆ ಬದಲಾಗಲಿಲ್ಲ. ಪಾರ್ಪ್ ತಡೆಯುವ ಒಲಾಪರಿಬ್ ಹಾಕಿದಾಗ ತಿರುಗುಮುರುಗು: ಬಾಲ ಕುಗ್ಗುವುದು ನಿಧಾನವಾಯಿತು, ಚುಕ್ಕೆಗಳಿಗೆ ಹೆಚ್ಚು ವ್ಯತ್ಯಾಸವಿಲ್ಲ. ಇದು ವಿಭಜಿಸದ ಕೋಶಕ್ಕೆ ಮಾತ್ರ ಹೇಳಿದ ಮಾತು. ವಿಭಜಿಸುತ್ತಿರುವ ಕೋಶದಲ್ಲಿ ಮುಚ್ಚದ ಒಂಟಿ ಕಡಿತಕ್ಕೆ ಪ್ರತಿ ತಯಾರಿಸುವ ಯಂತ್ರ ಬಂದು ತಗುಲಿದರೆ ಅದೇ ಜೋಡಿ ಕಡಿತವಾಗುತ್ತದೆ.

ಆದ್ದರಿಂದ ಕೋಶವು ಇವೆರಡರ ನಡುವೆ ಆಯ್ಕೆ ಮಾಡುತ್ತದೆ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹಾನಿಯ ಆಕಾರವೇ ತೀರ್ಮಾನಿಸುತ್ತದೆ: ಎದುರಿನ ಎಳೆ ಇದ್ದರೆ ಬೇಸ್ ಎಕ್ಸಿಷನ್, ಇಲ್ಲದಿದ್ದರೆ ತುದಿ ಜೋಡಣೆ. ಕಷ್ಟವಿರುವುದು ಗಡಿಯಲ್ಲಿ. ವಿಕಿರಣದ ಒಂದು ಜಾಡು ಹತ್ತಿಪ್ಪತ್ತು ಅಕ್ಷರಗಳೊಳಗೆ ಎರಡು ಎಳೆಗಳಲ್ಲೂ ಬೇಸ್ ಕೆಡಿಸಿದರೆ, ಎರಡೂ ಕಡೆ ಬೇಸ್ ಎಕ್ಸಿಷನ್ ಶುರುವಾಗುತ್ತದೆ. ಎರಡೂ ಕಡೆ ಎಪಿಇ1 ಒಂದೇ ಹೊತ್ತಿಗೆ ಕತ್ತರಿಸಿದರೆ ಆ ತುಣುಕು ಬಿಚ್ಚಿಕೊಂಡು ಜೋಡಿ ಕಡಿತವಾಗಬಹುದು. ಅಂದರೆ ಸರಿಪಡಿಸಲು ಹೋದ ಕೈಯೇ ಇನ್ನೊಂದು ಹಾನಿಯನ್ನು ಹುಟ್ಟಿಸಿ, ಅದನ್ನು ಕು ಉಂಗುರಕ್ಕೆ ಒಪ್ಪಿಸುತ್ತದೆ.

ಇದೇ ಅಪಾಯವನ್ನು ಪ್ರತಿಕಾಯ ತಯಾರಿಸುವ ನಮ್ಮ ಬಿ ಕೋಶಗಳು ಬೇಕೆಂದೇ ಬಳಸುತ್ತವೆ. ಐಜಿಎಂ ಬಗೆಯ ಪ್ರತಿಕಾಯ ತಯಾರಿಸುತ್ತಿದ್ದ ಕೋಶ ಐಜಿಜಿ ಬಗೆಗೆ ಬದಲಾಗಬೇಕಾದಾಗ, ಎಐಡಿ ಎಂಬ ಕಿಣ್ವ ಪ್ರತಿಕಾಯ ಜೀನಿನ ಸ್ವಿಚ್ ಪ್ರದೇಶಗಳಲ್ಲಿ ಸೈಟೊಸಿನ್‌ಗಳನ್ನು ಯುರಾಸಿಲ್ ಮಾಡುತ್ತದೆ. ಬೇಸ್ ಎಕ್ಸಿಷನ್‌ನ ಯುಎನ್‌ಜಿ ಕಿಣ್ವ ಆ ಯುರಾಸಿಲ್ ತೆಗೆಯುತ್ತದೆ, ಆ ಜಾಗದಲ್ಲಿ ಎಳೆ ಕತ್ತರಿಸಲ್ಪಡುತ್ತದೆ. ಎರಡು ಎಳೆಗಳಲ್ಲೂ ಹತ್ತಿರ ಹತ್ತಿರ ಹೀಗಾದಾಗ ಜೋಡಿ ಕಡಿತ. ದೂರದ ಎರಡು ಸ್ವಿಚ್ ಪ್ರದೇಶಗಳ ತುದಿಗಳನ್ನು ಮುಖ್ಯವಾಗಿ ತುದಿ ಜೋಡಣೆಯೇ ಬೆಸೆಯುತ್ತದೆ, ನಡುವಿನ ಡಿಎನ್‌ಎ ಹೊರಗೆ ಹೋಗುತ್ತದೆ. ಯುಎನ್‌ಜಿ ಕೆಟ್ಟಿರುವ ರೋಗಿಗಳಲ್ಲಿ ಐಜಿಎಂ ಹೆಚ್ಚಿದ್ದು ಐಜಿಜಿ ಕಡಿಮೆ ಇರುತ್ತದೆ. ಬೆಸುಗೆಯಲ್ಲಿ ಕೆಲವು ಅಕ್ಷರಗಳು ಹೋದರೂ ಪ್ರತಿಕಾಯಕ್ಕೆ ಏನೂ ಆಗುವುದಿಲ್ಲ, ಏಕೆಂದರೆ ಸ್ವಿಚ್ ಪ್ರದೇಶಗಳಿರುವುದು ಪ್ರೋಟೀನಿನ ಬರಹವಿಲ್ಲದ ಇಂಟ್ರಾನ್‌ನಲ್ಲಿ.