ಫಾರ್ಮ್ 16 ಕೈಗೆ ಬಂತು ಅಂತ ರಿಟರ್ನ್ ಸಲ್ಲಿಸಬೇಡಿ, ಮೊದಲು 26ಎಎಸ್ ತೆಗೆದು ನೋಡಿ

ಸಂಬಳದಲ್ಲಿ ತೆರಿಗೆ ಮುರಿದುಕೊಂಡ ಮಾತ್ರಕ್ಕೆ ಆ ದುಡ್ಡು ಸರ್ಕಾರಕ್ಕೆ ತಲುಪಿದೆ ಅಂತ ಅಲ್ಲ. ಸ್ಯಾಲರಿ ಸ್ಲಿಪ್‌ನಲ್ಲಿ ಕಂಡಿದ್ದು ಕಂಪನಿಯ ಲೆಕ್ಕ. ಸರ್ಕಾರದ ಲೆಕ್ಕ ಇರೋದು 26ಎಎಸ್‌ನಲ್ಲಿ. ನಮ್ಮ ಹಳೆಯ ಕಂಪನಿಯಲ್ಲಿ ಇವೆರಡೂ ಹೊಂದದೆ ಹಲವರು ಒದ್ದಾಡಿದೆವು. ಕಂಪನಿಯ ಹೆಸರು ಬೇಡ ಬಿಡಿ.

ಇದು 2023-24ನೇ ಹಣಕಾಸು ವರ್ಷದ ವಿಷಯ. ಮುಂದೆ ಬರುವ ಸೆಕ್ಷನ್‌ಗಳೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯವು.

ನನ್ನ ಸಂಬಳ ತಿಂಗಳಿಗೆ 95,000 ರೂಪಾಯಿ, ವರ್ಷಕ್ಕೆ 11,40,000. ಹೊಸ ಪದ್ಧತಿಯಲ್ಲಿ 50,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಉಳಿಯೋದು 10,90,000. ಅದಕ್ಕೆ ತೆರಿಗೆ 73,500, ಮೇಲೆ 4% ಸೆಸ್ ಸೇರಿ 76,440. ಅಂದರೆ ತಿಂಗಳಿಗೆ 6,370 ರೂಪಾಯಿ. ಹನ್ನೆರಡೂ ತಿಂಗಳು ಸ್ಲಿಪ್‌ನಲ್ಲಿ ಇಷ್ಟು ಕಡಿತ ಆಗಿತ್ತು. ಜೂನ್‌ನಲ್ಲಿ ಬಂದ ಫಾರ್ಮ್ 16ರಲ್ಲೂ ಒಟ್ಟು 76,440 ಅಂತಲೇ ಇತ್ತು. ಎಲ್ಲ ಸರಿಯಾಗೇ ಇದೆ ಅಂತ ಯಾರಿಗಾದರೂ ಅನ್ನಿಸುತ್ತೆ, ಅಲ್ವಾ?

ಆದರೆ ಆ ಫಾರ್ಮ್ ನೋಡಿದ ಕೂಡಲೇ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಫಾರ್ಮ್ 16ರಲ್ಲಿ ಎರಡು ಭಾಗ. ಪಾರ್ಟ್ ಬಿ ಅಂದರೆ ಸಂಬಳ, ವಿನಾಯಿತಿ, ತೆರಿಗೆಯ ಲೆಕ್ಕಾಚಾರ. ನಾವೆಲ್ಲ ಓದೋದು ಅದನ್ನೇ. ಮುರಿದ ತೆರಿಗೆ ಕಟ್ಟಿದ್ದಾರಾ ಅಂತ ಹೇಳೋದು ಪಾರ್ಟ್ ಎ. ಇದನ್ನು ಕಂಪನಿ ತನ್ನ ಸಾಫ್ಟ್‌ವೇರ್‌ನಲ್ಲಿ ಮಾಡಿಕೊಡುವ ಹಾಗಿಲ್ಲ. ಇಲಾಖೆಯ ಟ್ರೇಸಸ್ ಜಾಲತಾಣದಿಂದಲೇ ಡೌನ್‌ಲೋಡ್ ಮಾಡಬೇಕು. ಹಾಗೆ ಬಂದಿದ್ದರೆ ಮೇಲ್ಗಡೆ ಟ್ರೇಸಸ್ ಗುರುತು ಇರುತ್ತೆ, ಒಂದು ಸರ್ಟಿಫಿಕೇಟ್ ಸಂಖ್ಯೆ ಇರುತ್ತೆ. ನಮಗೆ ಕೊಟ್ಟಿದ್ದರಲ್ಲಿ ಎರಡೂ ಇರಲಿಲ್ಲ. ಕಂಪನಿಯ ಲೋಗೋ ಮಾತ್ರ ದೊಡ್ಡದಾಗಿ ಇತ್ತು.

ಪಾರ್ಟ್ ಎ ಒಳಗೆ ಎರಡು ಪಟ್ಟಿ ಇರುತ್ತವೆ. ಮೊದಲನೆಯದು ತ್ರೈಮಾಸಿಕವಾರು: ಎಷ್ಟು ಸಂಬಳ ಕೊಟ್ಟರು, ಎಷ್ಟು ತೆರಿಗೆ ಮುರಿದರು, ಎಷ್ಟು ಕಟ್ಟಿದರು. ಪಕ್ಕದಲ್ಲಿ ಕಂಪನಿ ಸಲ್ಲಿಸಿದ ಟಿಡಿಎಸ್ ಸ್ಟೇಟ್‌ಮೆಂಟಿನ ರಸೀದಿ ಸಂಖ್ಯೆ. ನನ್ನದರಲ್ಲಿ ಮೊದಲ ಮೂರು ಸಾಲಿಗೆ ರಸೀದಿ ಸಂಖ್ಯೆ ಇತ್ತು, ಜನವರಿಯಿಂದ ಮಾರ್ಚ್‌ವರೆಗಿನ ಸಾಲಿಗೆ ಇರಲಿಲ್ಲ. ಎರಡನೆಯದು ಚಲನ್‌ಗಳ ಪಟ್ಟಿ: ಮೊತ್ತ, ಬ್ಯಾಂಕ್ ಶಾಖೆಯ ಬಿಎಸ್‌ಆರ್ ಕೋಡ್, ಕಟ್ಟಿದ ದಿನಾಂಕ, ಚಲನ್ ಸಂಖ್ಯೆ, ಕೊನೆಗೆ ಹೊಂದಾಣಿಕೆಯ ಸ್ಥಿತಿ. ಅಲ್ಲಿ F ಅಂತ ಇದ್ದರೆ ಬ್ಯಾಂಕಿನ ಲೆಕ್ಕದ ಜೊತೆ ತಾಳೆ ಆಗಿದೆ ಅಂತ ಅರ್ಥ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಎಲ್ಲ ಕಾಲಮ್ ತುಂಬಿತ್ತು. ಉಳಿದ ಮೂರು ತಿಂಗಳಿಗೆ 6,370 ಅಂತ ಮೊತ್ತ ಬಿಟ್ಟರೆ ಎಲ್ಲ ಖಾಲಿ.

ಅಲ್ಲಿಂದ ನೇರ ಸರ್ಕಾರದ ಲೆಕ್ಕಕ್ಕೆ ಹೋದೆ. ಆದಾಯ ತೆರಿಗೆ ಪೋರ್ಟಲ್‌ಗೆ ಲಾಗಿನ್ ಆಗಿ ಈ ದಾರಿಯಲ್ಲಿ ಹೋಗಬೇಕು:

```
e-File > Income Tax Returns > View Form 26AS
```

ಅದು ಟ್ರೇಸಸ್‌ಗೆ ಕರೆದುಕೊಂಡು ಹೋಗುತ್ತೆ. ಅಸೆಸ್‌ಮೆಂಟ್ ವರ್ಷ 2024-25 ಅಂತ ಆರಿಸಬೇಕು. ಗಳಿಸಿದ ವರ್ಷದ ಮುಂದಿನ ವರ್ಷ ಅದು, ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಕಂಪನಿಯ ಹೆಸರು, ಟ್ಯಾನ್ ಸಂಖ್ಯೆಯ ಕೆಳಗೆ ತಿಂಗಳ ಸಾಲುಗಳು ಬರುತ್ತವೆ. ನನಗೆ ಬಂದಿದ್ದು ಒಂಬತ್ತೇ ಸಾಲು. ಸಂಬಳ 8,55,000, ತೆರಿಗೆ 57,330. ಅಂದರೆ ಕೊನೆಯ ಮೂರು ತಿಂಗಳ 19,110 ರೂಪಾಯಿ ನಾಪತ್ತೆ.

ಸಾಲು ಇದ್ದು ಸ್ಥಿತಿ U ಅಂತ ಇರೋದು ಬೇರೆ, ಸಾಲೇ ಇಲ್ಲದಿರೋದು ಬೇರೆ. U ಇದ್ದರೆ ಕಂಪನಿ ಸ್ಟೇಟ್‌ಮೆಂಟ್ ಸಲ್ಲಿಸಿದೆ, ಆದರೆ ದುಡ್ಡು ಕಟ್ಟಿಲ್ಲ ಅಥವಾ ಚಲನ್ ವಿವರ ತಪ್ಪಾಗಿ ಬರೆದಿದೆ. ಸಾಲೇ ಇಲ್ಲದಿದ್ದರೆ ಸ್ಟೇಟ್‌ಮೆಂಟೇ ಸಲ್ಲಿಕೆ ಆಗಿಲ್ಲ, ಇಲ್ಲವೇ ನಿಮ್ಮ ಪ್ಯಾನ್ ತಪ್ಪಾಗಿ ಹೋಗಿದೆ. ನನ್ನ ಒಬ್ಬನದೇ ಆಗಿದ್ದರೆ ಪ್ಯಾನ್ ಮೇಲೆ ಅನುಮಾನ ಪಡಬಹುದಿತ್ತು. ಅಕ್ಕಪಕ್ಕದವರದ್ದೂ ಹಾಗೇ ಇತ್ತು.

ಅಕೌಂಟ್ಸ್‌ನವರನ್ನು ಕೇಳಿದರೆ "ಸಿಸ್ಟಮ್ ಅಪ್‌ಡೇಟ್ ಆಗೋಕೆ ಟೈಮ್ ಬೇಕು ಸರ್" ಅಂದರು. ಇದು ಅರ್ಧ ನಿಜ. ಕೊನೆಯ ತ್ರೈಮಾಸಿಕದ ಸ್ಟೇಟ್‌ಮೆಂಟ್ ಸಲ್ಲಿಸೋಕೆ ಮೇ 31ರವರೆಗೆ ಅವಕಾಶ ಇತ್ತು, ಆಮೇಲೆ 26ಎಎಸ್‌ನಲ್ಲಿ ಕಾಣೋಕೆ ಸ್ವಲ್ಪ ದಿನ ಹಿಡಿಯುತ್ತೆ. ಹಾಗಾಗಿ ಜೂನ್ ಮೊದಲ ವಾರದಲ್ಲಿ ಗಾಬರಿ ಬೀಳಬೇಕಿಲ್ಲ. ಜೂನ್ ಮುಗಿಯುತ್ತಾ ಬಂದರೂ ಅದೇ ಉತ್ತರ ಬಂದರೆ ನಂಬಬೇಡಿ. ಸುಮ್ನೆ "ಯಾವಾಗ ಆಗುತ್ತೆ" ಅಂತ ಕೇಳಿದರೆ ಸುಮ್ನೆ ಉತ್ತರವೇ ಬರೋದು. ಆ ಮೂರು ತಿಂಗಳ ಬಿಎಸ್‌ಆರ್ ಕೋಡ್, ಕಟ್ಟಿದ ದಿನಾಂಕ, ಚಲನ್ ಸಂಖ್ಯೆ, ಸ್ಟೇಟ್‌ಮೆಂಟಿನ ರಸೀದಿ ಸಂಖ್ಯೆ ಕೊಡಿ ಅಂತ ಇಮೇಲ್‌ನಲ್ಲಿ ಕೇಳಿದೆ. ಕಟ್ಟಿದ್ದರೆ ಐದು ನಿಮಿಷದ ಕೆಲಸ. ಉತ್ತರ ಬರಲಿಲ್ಲ. ಕಂಪನಿಗೆ ದುಡ್ಡಿನ ಮುಗ್ಗಟ್ಟು ಇತ್ತಂತೆ, ನಮ್ಮ ತೆರಿಗೆ ದುಡ್ಡನ್ನೇ ತಿರುಗಿಸಿದ್ದಾರೆ ಅಂತ ಆಮೇಲೆ ಗೊತ್ತಾಯಿತು.

ಈ ಹೊತ್ತಿಗೆ ಕೆಲವರು ಕೊಟ್ಟ ಸಲಹೆ ಕೇಳಿ: "26ಎಎಸ್‌ನಲ್ಲಿ 8,55,000 ಇದೆ ತಾನೇ, ಅಷ್ಟೇ ಸಂಬಳ ತೋರಿಸಿ, ಹೊಂದಿಕೆ ಆಗುತ್ತೆ." ದಯವಿಟ್ಟು ಹಾಗೆ ಮಾಡಬೇಡಿ. ಸಂಬಳ ಬ್ಯಾಂಕಿಗೆ ಬಂದಿದೆ, ಅದು ಪೂರ್ತಿ ನಿಮ್ಮ ಆದಾಯ. ಕಂಪನಿ ವರದಿ ಮಾಡಿಲ್ಲ ಅಂತ ನೀವು ಮುಚ್ಚಿಡೋ ಹಾಗಿಲ್ಲ. ಆಗ ತಪ್ಪು ಕಂಪನಿಯದಲ್ಲ, ನಿಮ್ಮದಾಗುತ್ತೆ.

ಇನ್ನೊಬ್ಬ ಸಹೋದ್ಯೋಗಿ 26ಎಎಸ್ ನೋಡದೆ, ಫಾರ್ಮ್ 16 ನಂಬಿ ಪೂರ್ತಿ ಟಿಡಿಎಸ್ ತೋರಿಸಿ ರಿಟರ್ನ್ ಸಲ್ಲಿಸಿದರು. ಸ್ವಲ್ಪ ದಿನಕ್ಕೆ ಸೆಕ್ಷನ್ 143(1)ರ ಇಂಟಿಮೇಷನ್ ಬಂತು. ಕಾಣದ ತೆರಿಗೆಯನ್ನು ಲೆಕ್ಕದಿಂದ ತೆಗೆದು, ಮೇಲೆ ಬಡ್ಡಿ ಹಾಕಿ, ಇಷ್ಟು ಕಟ್ಟಿ ಅಂತ ಡಿಮ್ಯಾಂಡ್. ಅವರು ಹೆದರಿ ಕಟ್ಟೋಕೆ ಹೊರಟಿದ್ದರು. ಕಟ್ಟಿದ್ದರೆ ಒಂದೇ ತೆರಿಗೆ ಎರಡು ಸಲ ಆಗುತ್ತಿತ್ತು. ಸೆಕ್ಷನ್ 205ರ ಪ್ರಕಾರ ಸಂಬಳದಿಂದ ಮುರಿದ ತೆರಿಗೆಯನ್ನು ಮತ್ತೆ ನೌಕರನಿಂದ ವಸೂಲಿ ಮಾಡುವ ಹಾಗಿಲ್ಲ, ಕಂಪನಿ ಕಟ್ಟದಿದ್ದರೂ ಅಷ್ಟೇ. ಪೋರ್ಟಲ್‌ನಲ್ಲಿ `Response to Outstanding Demand` ಒಳಗೆ ಒಪ್ಪುವುದಿಲ್ಲ ಅಂತ ಉತ್ತರಿಸಿ, ಸ್ಯಾಲರಿ ಸ್ಲಿಪ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಸೇರಿಸಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ಯಾಕೆ ಅಂದರೆ, ಸ್ಲಿಪ್‌ನಲ್ಲಿರುವ ಕಡಿತದ ನಂತರದ ಮೊತ್ತವೇ ಖಾತೆಗೆ ಬಂದಿದೆ ಅಂತ ಅದು ತೋರಿಸುತ್ತೆ. ಆದರೆ ಕಾನೂನು ನಮ್ಮ ಕಡೆ ಇದ್ದರೂ ಕಂಪ್ಯೂಟರ್ ನಮ್ಮ ಕಡೆ ಇರಲ್ಲ. ಡಿಮ್ಯಾಂಡ್ ಖಾತೆಯಲ್ಲಿ ಹಾಗೇ ಕೂತಿರುತ್ತೆ, ಮುಂದಿನ ವರ್ಷ ರೀಫಂಡ್ ಬಂದರೆ ಅದಕ್ಕೆ ಹೊಂದಿಸಿಕೊಳ್ಳುವ ನೋಟಿಸ್ ಬರಬಹುದು. ಅದಕ್ಕೂ ಮತ್ತೆ ಉತ್ತರ ಕೊಡಬೇಕು.

ನಾವು ಕೆಲವರು ಸೇರಿ ಕಂಪನಿಗೆ ಒಂದು ಪತ್ರ ಬರೆದೆವು. ಮುರಿದ ತೆರಿಗೆ ಕಟ್ಟದಿದ್ದರೆ ಸೆಕ್ಷನ್ 276ಬಿ ಪ್ರಕಾರ 3 ತಿಂಗಳಿಂದ 7 ವರ್ಷದವರೆಗೆ ಜೈಲು ಶಿಕ್ಷೆ ಇದೆ, ಕಂಪನಿಯ ಟ್ಯಾನ್ ಯಾವ ಟಿಡಿಎಸ್ ಅಧಿಕಾರಿಯ ವ್ಯಾಪ್ತಿಗೆ ಬರುತ್ತೋ ಅವರಿಗೆ ದೂರು ಕೊಡುತ್ತೇವೆ ಅಂತ. ಅಷ್ಟು ದಿನ ಅಪ್‌ಡೇಟ್ ಆಗದ ಸಿಸ್ಟಮ್ ಆಮೇಲೆ ಅಪ್‌ಡೇಟ್ ಆಯಿತು ನೋಡಿ. ಬಡ್ಡಿ ಸೇರಿಸಿ ತೆರಿಗೆ ಕಟ್ಟಿದರು, ಬಾಕಿ ಸ್ಟೇಟ್‌ಮೆಂಟ್ ಸಲ್ಲಿಸಿದರು. ನನ್ನ 26ಎಎಸ್‌ನಲ್ಲಿ ಇನ್ನೂ ಮೂರು ಸಾಲು ಬಂತು, ಸ್ಥಿತಿ F. ಟ್ರೇಸಸ್‌ನ ಪಾರ್ಟ್ ಎ ಕೂಡ ಕೈಗೆ ಸಿಕ್ಕಿತು.

ಡಿಮ್ಯಾಂಡ್ ಬಂದಿದ್ದ ಸಹೋದ್ಯೋಗಿಗೆ ಇನ್ನೊಂದು ಕೆಲಸ ಉಳಿದಿತ್ತು. 26ಎಎಸ್ ಸರಿಯಾದರೆ ಡಿಮ್ಯಾಂಡ್ ತಾನಾಗಿ ಹೋಗುತ್ತೆ ಅಂತ ಕೂರುವ ಹಾಗಿಲ್ಲ. ಪೋರ್ಟಲ್‌ನ `Rectification` ಒಳಗೆ `Reprocess the return` ಆರಿಸಿ ಕೋರಿಕೆ ಹಾಕಬೇಕು. ಅದನ್ನೂ ಮೂರು ಸಾಲು ಕಾಣಿಸಿದ ಮೇಲೆಯೇ ಹಾಕಬೇಕು, ಮುಂಚೆ ಹಾಕಿದರೆ ಹಳೆಯ ಲೆಕ್ಕವೇ ಮತ್ತೆ ಬರುತ್ತೆ.