ಎಣಿಸಬೇಕೋ, ಅರ್ಥ ಕೇಳಬೇಕೋ: ಪ್ರತ್ಯಕ್ಷವಾದ ಮತ್ತು ವ್ಯಾಖ್ಯಾನವಾದ

ಸಮಾಜಶಾಸ್ತ್ರದ ಕಿರುಪ್ರಬಂಧಕ್ಕೆ ವಿಧಾನ ಆರಿಸುತ್ತಿರುವ ದಾವಣಗೆರೆಯ ವಿದ್ಯಾರ್ಥಿಯೊಬ್ಬರು ನಾಯಕನಹಟ್ಟಿ ಜಾತ್ರೆಯಲ್ಲಿ ಭಕ್ತರು ಕೊಬ್ಬರಿ ಸುಡುವುದನ್ನು ಅಧ್ಯಯನಕ್ಕೆ ತೆಗೆದುಕೊಂಡರೆನ್ನೋಣ. ಅವರ ಮುಂದಿರುವ ದಾರಿಗಳು ಎರಡು: ಸಮಾಜವನ್ನು ಹೊರಗಿನಿಂದ ಅಳೆದು ಕಾರಣ ಹುಡುಕುವ ಪ್ರತ್ಯಕ್ಷವಾದ, ಜನ ತಮ್ಮ ಕ್ರಿಯೆಗೆ ಕೊಡುವ ಅರ್ಥವನ್ನು ಕೇಳುವ ವ್ಯಾಖ್ಯಾನವಾದ.

ಪ್ರತ್ಯಕ್ಷವಾದಿ ಸಂಶೋಧಕರು ಮಳೆ ಕೊರತೆಯ ವರ್ಷಗಳಲ್ಲಿ ಕೊಬ್ಬರಿ ಸುಡುವ ಕುಟುಂಬಗಳು ಹೆಚ್ಚುತ್ತವೆ ಎಂಬ ಊಹೆಯಿಂದ ಹೊರಟು, ಯಾದೃಚ್ಛಿಕವಾಗಿ ಆಯ್ದ ಮನೆಗಳಿಗೆ ಒಂದೇ ಪ್ರಶ್ನಾವಳಿಯನ್ನು ಒಯ್ಯುತ್ತಾರೆ. 1897ರಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೀಮ್, ಪ್ರಶ್ನಾವಳಿಯ ಬದಲು ಅಧಿಕೃತ ಅಂಕಿಅಂಶಗಳನ್ನು ಬಳಸಿ, ಆತ್ಮಹತ್ಯೆಯ ದರಗಳನ್ನು ಸಾಮಾಜಿಕ ಕಾರಣಗಳಿಗೆ ಜೋಡಿಸಿದ್ದೂ ಇದೇ ಧೋರಣೆಯಿಂದ. ಇಡೀ ತಾಲ್ಲೂಕಿಗೆ ಅನ್ವಯಿಸುವ ಮಾತನ್ನು ಇದರಿಂದ ಹೇಳಬಹುದು. ಆದರೆ ಹರಕೆ ತೀರಿಸಿದವರು, ಮನೆತನದ ಪದ್ಧತಿ ಬಿಡಬಾರದೆಂದು ಬಂದವರು, ತೀರಿಹೋದ ತಾಯಿಯ ಮಾತು ಉಳಿಸಿಕೊಂಡವರು, ಈ ಮೂವರೂ ಕೋಷ್ಟಕದಲ್ಲಿ ಒಂದೇ 'ಹೌದು' ಆಗಿಬಿಡುತ್ತಾರೆ. 'ಇತರೆ' ಎಂಬ ಉತ್ತರವೇ ಹೆಚ್ಚಾದರೆ ಪ್ರಶ್ನಾವಳಿಯ ವರ್ಗಗಳು ಜನರದ್ದಲ್ಲ, ಸಂಶೋಧಕರದ್ದು ಎಂದು ತಿಳಿಯಬೇಕು.

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಒತ್ತಿಹೇಳಿದಂತೆ, ಕ್ರಿಯೆಯನ್ನು ಕರ್ತೃವಿನ ಅರ್ಥದಿಂದಲೇ ಗ್ರಹಿಸಬೇಕೆನ್ನುವ ವ್ಯಾಖ್ಯಾನವಾದಿ ಕೆಲವೇ ಮನೆಗಳಲ್ಲಿ ದೀರ್ಘವಾಗಿ ಮಾತನಾಡಿ, ಹರಕೆ ಹೊತ್ತ ಸಂದರ್ಭವನ್ನು ಅವರ ನುಡಿಯಲ್ಲೇ ಬರೆದುಕೊಳ್ಳುತ್ತಾರೆ. ಇಲ್ಲಿ ಅಪಾಯವಿರುವುದು ಸಂಶೋಧಕರ ಭಾವನೆಯೇ ಭಕ್ತರ ಅರ್ಥವೆಂದು ದಾಖಲಾಗುವುದರಲ್ಲಿ. ಆದ್ದರಿಂದ ತಮ್ಮ ವಿವರಣೆಗೆ ಒಗ್ಗದ ವ್ಯಕ್ತಿಯನ್ನು ಹುಡುಕಿಕೊಂಡೇ ಹೋಗಬೇಕು. ಹತ್ತಾರು ಸಂದರ್ಶನಗಳಿಂದ ಶೇಕಡಾವಾರು ಲೆಕ್ಕ ತೆಗೆಯುವುದಂತೂ ತಪ್ಪು.

ಪ್ರಶ್ನೆ 'ಎಷ್ಟು ಜನ, ಯಾವಾಗ' ಎಂದಿದ್ದರೆ ಮೊದಲನೆಯದನ್ನು ಆರಿಸಿ. ಆದರೆ ಬರದ ವರ್ಷದಲ್ಲಿ ಸಂಖ್ಯೆ ಏರಿದ್ದು ಭಯದಿಂದಲೋ ಕೃತಜ್ಞತೆಯಿಂದಲೋ ಎಂಬುದನ್ನು ಅದೇ ಸಂಖ್ಯೆ ಹೇಳಲಾರದು; ಅದು ನಿಮ್ಮ ಪ್ರಶ್ನೆಯಾಗಿದ್ದರೆ ಎರಡನೆಯದೇ ತಕ್ಕದ್ದು.