ಎಪಾಕ್ಸಿ ಅಂತ ದುಡ್ಡು ತಗೊಂಡು ಸಿಮೆಂಟ್ ಗ್ರೌಟ್ ತುಂಬಿದ್ದಾರೆ, ಹುಷಾರು

ಬಾತ್‌ರೂಮಿನ ಟೈಲ್ಸ್ ಕೆಲಸ ಮಾಡಿಸುತ್ತಿದ್ದೀರಾ? ಹಾಗಾದರೆ ಇದನ್ನು ಪೂರ್ತಿ ಓದಿ. ಬೆಂಗಳೂರಿನಲ್ಲಿ ನಮ್ಮ ಫ್ಲಾಟಿನ ಎರಡು ಬಾತ್‌ರೂಮಿಗೆ ಸಂದಿ ತುಂಬೋಕೆ ನೀರು ಹೀರದ ಎಪಾಕ್ಸಿ ಗ್ರೌಟ್ ಅಂತ ಚದರಡಿ ಲೆಕ್ಕದಲ್ಲಿ ದುಡ್ಡು ಕೊಟ್ಟೆವು. ಟೈಲ್ಸ್ ನಡುವೆ ತುಂಬಿದ್ದು ಮಾತ್ರ ನೀರಲ್ಲಿ ಕಲಸುವ ಸಿಮೆಂಟ್ ಗ್ರೌಟ್. ವರ್ಷ ತುಂಬುವ ಮೊದಲೇ ಶವರ್ ಕೆಳಗಿನ ಬಿಳಿ ಗೆರೆಗಳೆಲ್ಲಾ ಕಪ್ಪಾದವು. ನಮ್ಮ ಅತ್ತೆ ಊರಿಂದ ಬಂದವರು, "ಹೊಸ ಟೈಲ್ಸ್ ಅಂದ್ರಿ, ಹಳೇದನ್ನೇ ಬಿಟ್ಟಿದೀರಾ?" ಅಂದರು. ನನಗೆ ತಲೆ ಎತ್ತೋಕಾಗಲಿಲ್ಲ.

ಕಂಟ್ರಾಕ್ಟರ್‌ಗೆ ಫೋಟೋ ಕಳಿಸಿದೆ. ಉತ್ತರ ತಕ್ಷಣ ಬಂತು. "ಮೇಡಂ, ಎಪಾಕ್ಸಿನೇ ಅದು. ನಿಮ್ಮದು ಬೋರ್ ನೀರು ಅಲ್ವಾ, ಅದಕ್ಕೇ." ನಾನು ನಂಬಿದೆ. ಯಾರಾದರೂ ನಂಬುತ್ತಾರೆ. ನಮ್ಮ ನೀರು ಗಡಸು ಅನ್ನೋದು ನಿಜ, ನಲ್ಲಿ ಮೇಲೆಲ್ಲಾ ಬಿಳಿ ಪೊರೆ ಕಟ್ಟುತ್ತದೆ. ಆದರೆ ಗಡಸು ನೀರು ಬಿಡೋದು ಬಿಳಿ ಕಲೆ, ಕಪ್ಪು ಗೆರೆಯಲ್ಲ. ಕಪ್ಪಾಗೋದು ಸೋಪಿನ ಜಿಡ್ಡು, ಕೊಳೆ ಮತ್ತು ಬೂಷ್ಟಿನಿಂದ. ಸಿಮೆಂಟ್ ಗ್ರೌಟ್ ನೀರು ಹೀರುತ್ತದೆ. ಸ್ನಾನ ಆದಮೇಲೂ ಒಳಗೆ ಒದ್ದೆ ಉಳಿಯುತ್ತದೆ, ಬೂಷ್ಟು ಅಲ್ಲೇ ಬೇರು ಬಿಡುತ್ತದೆ.

ಆಮೇಲೆ ಅವನು ಒಬ್ಬ ಹುಡುಗನ ಕೈಯಲ್ಲಿ ಆಸಿಡ್ ಬಾಟಲಿ ಕಳಿಸಿದ. ಉಜ್ಜಿದ ತಕ್ಷಣ ಗೆರೆ ಬುಸುಬುಸು ನೊರೆ ಬಂದು ಫಳಫಳ ಬಿಳಿ ಆಯಿತು. ಖುಷಿಯಾಯಿತು, ಹುಡುಗನಿಗೆ ಟಿಪ್ಸ್ ಬೇರೆ ಕೊಟ್ಟೆ! ಆ ನೊರೆ ಬಂದಿದ್ದು ಆಸಿಡ್ ಸಿಮೆಂಟನ್ನೇ ತಿನ್ನುತ್ತಿದ್ದದ್ದಕ್ಕೆ. ಮೇಲಿನ ಪದರ ಕರಗಿ ಹೋಯಿತು, ಬೆರಳು ಎಳೆದರೆ ಮರಳು ಮರಳಾಗಿ ಉದುರುತ್ತಿತ್ತು. ಗೆರೆ ತಗ್ಗಾಯಿತು, ತಗ್ಗಿನಲ್ಲಿ ನೀರು ನಿಂತಿತು, ಮೊದಲಿಗಿಂತ ಜಾಸ್ತಿ ಕಪ್ಪಾಯಿತು. ನಿಮ್ಮ ಮನೆಗೆ ಯಾರಾದರೂ ಗ್ರೌಟಿಗೆ ಆಸಿಡ್ ತಂದರೆ ಬಾಗಿಲಲ್ಲೇ ವಾಪಸ್ ಕಳಿಸಿ.

ಈಗ ಅಸಲಿ ವಿಷಯ. ವಾಶ್ ಬೇಸಿನ್ ಕೆಳಗೆ ಪೈಪು ಸೋರುತ್ತಿತ್ತು, ಪ್ಲಂಬರ್ ಬಂದ. ಗೋಡೆಯಲ್ಲಿ ಪೈಪು ಹೋಗುವ ತೂತಿನಿಂದ ಒಂದು ಮುದುಡಿದ ಪ್ಲಾಸ್ಟಿಕ್ ಪ್ಯಾಕೆಟ್ ಎಳೆದ. ಕೆಲಸದವರು ತೂತು ಮುಚ್ಚೋಕೆ ತುರುಕಿದ್ದರು. ಬಿಡಿಸಿ ನೋಡಿದೆ. ಬಿಳಿ ಟೈಲ್ ಗ್ರೌಟ್, 1 ಕೆಜಿ. ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ, ಪುಡಿಗೆ ಇಷ್ಟು ನೀರು ಹಾಕಿ ಕಲಸಿ ಅಂತ ಇತ್ತು. ನೀರು! ಎಪಾಕ್ಸಿಗೆ ಕಲಸುವಾಗ ನೀರು ಹಾಕೋದೇ ಇಲ್ಲ. ಅದರಲ್ಲಿ ರೆಸಿನ್ ಒಂದು, ಹಾರ್ಡ್‌ನರ್ ಒಂದು, ಬಣ್ಣದ ಪುಡಿ ಒಂದು ಇರುತ್ತದೆ. ಮೊದಲೆರಡನ್ನು ಚೆನ್ನಾಗಿ ಬೆರೆಸಿ, ಆಮೇಲೆ ಪುಡಿ ಸೇರಿಸಿ ಕಲಸುತ್ತಾರೆ. ಕೆಲಸ ನಡೆಯುವಾಗ ನಾನೇ ಒಳಗೆ ಹೋಗಿದ್ದೆ, ನೀಲಿ ಮಗ್ಗಿನಲ್ಲಿ ನೀರು, ಬಾಂಡಲಿಯಲ್ಲಿ ಬಿಳಿ ಪುಡಿ. "ನೀರ್ಯಾಕೆ?" ಅಂದಾಗ ಆ ಹುಡುಗ "ಒರೆಸೋಕೆ ಅಕ್ಕ" ಅಂದಿದ್ದ. ಒರೆಸೋಕೆ ನೀರು ಬೇಕಾಗೋದು ನಿಜ, ಎಪಾಕ್ಸಿಗೂ ಬೇಕು. ಅದಕ್ಕೇ ಆ ಮಾತು ಅಷ್ಟು ಸಲೀಸಾಗಿ ಹೋಯಿತು. ಪ್ಯಾಕೆಟ್ ಕೈಯಲ್ಲಿ ಹಿಡಿದು ನಿಂತಾಗ ಹೊಟ್ಟೆ ಉರಿದುಹೋಯಿತು.

ಕಂಟ್ರಾಕ್ಟರ್‌ಗೆ ಪ್ಯಾಕೆಟ್ ಫೋಟೋ ಕಳಿಸಿದೆ. ಅವನ ಉತ್ತರಗಳು ಒಂದಾದ ಮೇಲೊಂದು ಬಂದವು, ಓದಿ.

"ಅದು ಬೇರೆ ಮನೇದು ಮೇಡಂ, ನಮ್ಮ ಹುಡುಗರ ಚೀಲದಲ್ಲಿ ಬಂದಿರುತ್ತೆ."

"ಎಪಾಕ್ಸಿ ಮಿಕ್ಸ್ ಮಾಡಿ ಹಾಕಿರೋದು, ಅದಕ್ಕೇ ಹಂಗೆ." ಏನು ಮಿಕ್ಸ್? ಅಂಗಡಿಯಲ್ಲಿ ವಿಚಾರಿಸಿದೆ. ಸಿಮೆಂಟ್ ಗ್ರೌಟಿಗೆ ಹಾಕುವ ಪಾಲಿಮರ್ ದ್ರವ ಒಂದಿದೆಯಂತೆ. ಅದನ್ನು ಹಾಕಿದರೆ ಸ್ವಲ್ಪ ಗಟ್ಟಿ ಆಗುತ್ತದೆ, ನೀರು ಹೀರೋದು ಕಮ್ಮಿ ಆಗುತ್ತದೆ. ಆದರೂ ಅದು ಸಿಮೆಂಟೇ.

ಕೊನೆಗೆ, "ಮೇಲೆ ಒಂದು ಕೋಟ್ ಎಪಾಕ್ಸಿ ಎಳೆದು ಕೊಡ್ತೀನಿ, ಅರ್ಧ ರೇಟು." ಅರ್ಧ ರೇಟು! ಒಮ್ಮೆ ಪೂರ್ತಿ ರೇಟು ತಗೊಂಡವನು!

ಆ ಕೋಟ್ ಮಾತಿಗೆ ಬೀಳಬೇಡಿ. ಒದ್ದೆ ಸಿಮೆಂಟ್ ಮೇಲೆ ತೆಳ್ಳಗೆ ಸವರಿದ ಎಪಾಕ್ಸಿ ನಿಲ್ಲುವುದಿಲ್ಲ, ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಕೆಳಗಿನ ಬೂಷ್ಟು ಕೆಳಗೇ ಇರುತ್ತದೆ.

ನಿಮ್ಮ ಮನೆಯದು ಏನು ಅಂತ ನೋಡಬೇಕಾದರೆ, ಒಣಗಿದ ಗೆರೆ ಮೇಲೆ ನಾಲ್ಕು ಹನಿ ನೀರು ಬಿಡಿ. ಬಣ್ಣ ಗಾಢವಾಗಿ ನೀರು ಒಳಗಿಳಿದರೆ ಸಿಮೆಂಟ್. ಹನಿ ಹಾಗೇ ನಿಂತರೆ ಎಪಾಕ್ಸಿ ಇರಬಹುದು, ಆದರೆ ನೀರು ಹೀರದಂತೆ ತಡೆಯುವ ಸೀಲರ್ ಹೊಡೆದ ಹೊಸ ಸಿಮೆಂಟ್ ಮೇಲೂ ನಿಲ್ಲುತ್ತದೆ. ಹಾಗಾಗಿ ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಕೀಲಿಯಿಂದ ಗೀರಿ. ಸಿಮೆಂಟ್ ಪುಡಿ ಪುಡಿಯಾಗಿ ಬರುತ್ತದೆ. ಎಪಾಕ್ಸಿ ಗಟ್ಟಿ ಪ್ಲಾಸ್ಟಿಕ್ಕಿನ ಹಾಗೆ, ಪುಡಿ ಬರುವುದಿಲ್ಲ.

ಗೆರೆ ಗಟ್ಟಿಯಿದ್ದು ಬರೀ ಕಪ್ಪಾಗಿದ್ದರೆ ಕೀಳಿಸಬೇಕಿಲ್ಲ. ಬ್ಲೀಚ್ ದ್ರವವನ್ನು ಬಾಟಲಿ ಮೇಲೆ ಹೇಳಿದಷ್ಟು ನೀರಿಗೆ ಬೆರೆಸಿ ಗೆರೆ ಮೇಲೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಬ್ರಶ್‌ನಲ್ಲಿ ಉಜ್ಜಿ ತೊಳೆಯಿರಿ. ಕಿಟಕಿ ತೆಗೆದಿರಲಿ. ಬಿಳಿಯಾದರೆ ಬೂಷ್ಟು ಅಂತ ಅರ್ಥ. ಪೂರ್ತಿ ಒಣಗಿಸಿ ಸೀಲರ್ ಹೊಡೆದರೆ ಸ್ವಲ್ಪ ಕಾಲ ತಡೆಯುತ್ತದೆ. ಬ್ಲೀಚ್ ಜೊತೆ ಆಸಿಡ್ ಮಾತ್ರ ಯಾವತ್ತೂ ಸೇರಿಸಬೇಡಿ. ಒಂದನ್ನು ಹಾಕಿದ ಮೇಲೆ ಇನ್ನೊಂದನ್ನೂ ಹಾಕಬೇಡಿ, ಟಾಯ್ಲೆಟ್ ಕ್ಲೀನರ್ ಕೂಡ. ಕ್ಲೋರಿನ್ ಗಾಳಿ ಬರುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಪ್ರಾಣಕ್ಕೇ ಕುತ್ತು.

ನಮ್ಮದು ಆಸಿಡ್ ತಿಂದು ಹೋಗಿತ್ತು, ಕೀಳಿಸಲೇಬೇಕಾಯಿತು. ಬೇರೆ ಮೇಸ್ತ್ರಿಯನ್ನು ಕರೆಸಿದೆವು. ವಯಸ್ಸಾದವರು, ಮಾತು ಕಮ್ಮಿ. ನನ್ನ ಮುಂದೆಯೇ ಡಬ್ಬ ಒಡೆಯಬೇಕು ಅಂದಾಗ, "ನೀವು ನಿಂತ್ಕೊಂಡೇ ನೋಡ್ರಮ್ಮ" ಅಂದರು. ಸಣ್ಣ ಬ್ಲೇಡಿನ ಮಿಷಿನ್ ಹಿಡಿದು ಹಳೇ ಗ್ರೌಟನ್ನು ಎರಡು-ಮೂರು ಮಿಲಿಮೀಟರ್ ಆಳಕ್ಕಾದರೂ ಕೆರೆದು ತೆಗೆದರು. ದೊಡ್ಡ ಗ್ರೈಂಡರ್ ಮುಟ್ಟಲಿಲ್ಲ, ಅದು ಜಾರಿದರೆ ಟೈಲ್ಸ್ ಅಂಚು ಹಾರುತ್ತದಂತೆ. ಆಮೇಲೆ ಫ್ಯಾನ್ ಹಾಕಿ ಒಣಗಿಸಿದರು. ಈ ಒಣಗಿಸೋದನ್ನು ಬಿಟ್ಟರೆ ಎಪಾಕ್ಸಿ ಹಿಡಿಯುವುದಿಲ್ಲ. ಒಂದು ಸಲಕ್ಕೆ ಸ್ವಲ್ಪವೇ ಕಲಸಿದರು, ಯಾಕೆಂದರೆ ಕಲಸಿದ ಮೇಲೆ ಅರ್ಧ ಗಂಟೆ ಆಚೀಚೆಯಲ್ಲೇ ಗಟ್ಟಿಯಾಗೋಕೆ ಶುರು. ಅಂಟು ಅಂಟು, ಟೈಲ್ಸ್ ಮೇಲೆ ಉಳಿದಿದ್ದನ್ನು ಆಗಲೇ ಹಿಂಡಿದ ಸ್ಪಾಂಜಿನಲ್ಲಿ ಒರೆಸುತ್ತಾ ಹೋದರು. ಆ ಪೊರೆ ಒಣಗಿದರೆ ಆಮೇಲೆ ಸುಲಭಕ್ಕೆ ಹೋಗುವುದಿಲ್ಲ. ಒಂದು ದಿನ ಪೂರ್ತಿ ನೀರು ಬಿಡಲಿಲ್ಲ. ಗೋಡೆ-ನೆಲ ಸೇರುವ ಮೂಲೆಗೆ ಎಪಾಕ್ಸಿ ಹಾಕಲಿಲ್ಲ. ಅಲ್ಲಿ ಅಲುಗಾಟ ಇರುತ್ತದೆ, ಸಿಲಿಕೋನ್ ಹಾಕಬೇಕು ಅಂದರು.

ಎಪಾಕ್ಸಿ ಅಂದರೆ ಜೀವನಪೂರ್ತಿ ಬಿಳಿ ಅಂತಲೂ ನಂಬಬೇಡಿ. ಅದರ ಮೇಲೂ ಸೋಪಿನ ಜಿಡ್ಡು ಕೂರುತ್ತದೆ, ಆದರೆ ಉಜ್ಜಿದರೆ ಹೋಗುತ್ತದೆ. ಬಿಸಿಲು ಬೀಳುವ ಕಡೆ ಬಿಳಿ ಎಪಾಕ್ಸಿ ಹಳದಿ ತಿರುಗುತ್ತದೆ, ನಾವು ಈ ಸಲ ಬೂದು ಬಣ್ಣ ಹಾಕಿಸಿದೆವು. ತಳದಿಂದ ಸೋರುವ ಬಾತ್‌ರೂಮಿಗೆ ಇದು ವಾಟರ್‌ಪ್ರೂಫಿಂಗೂ ಅಲ್ಲ. ಮಲಗುವ ಕೋಣೆಗೆ ಇಷ್ಟು ಖರ್ಚು ಸುಮ್ನೆ ದಂಡ, ಅಲ್ಲಿ ಸಿಮೆಂಟ್ ಗ್ರೌಟ್ ಸಾಕು.

ಡಬ್ಬ ನಿಮ್ಮ ಮುಂದೆಯೇ ಒಡೆಯಲಿ, ಖಾಲಿ ಡಬ್ಬ ನಿಮ್ಮ ಹತ್ತಿರವೇ ಇರಲಿ, ಬಿಲ್ಲಿನಲ್ಲಿ "ಎಪಾಕ್ಸಿ" ಅಂತ ಬರೆಸಿ. ನಮ್ಮ ಬಿಲ್ಲಿನಲ್ಲಿ "ಗ್ರೌಟಿಂಗ್" ಅಂತ ಮಾತ್ರ ಇದೆ. ಎಪಾಕ್ಸಿ ಮಾತೆಲ್ಲಾ ವಾಟ್ಸಾಪಿನಲ್ಲಿದೆ, ಅದನ್ನೇ ಇಟ್ಟುಕೊಂಡು ದುಡ್ಡು ವಾಪಸ್ ಕೇಳಿದ್ದೇನೆ. "ಹಬ್ಬ ಆಗ್ಲಿ ಮೇಡಂ, ನೋಡೋಣ" ಅಂದಿದ್ದಾನೆ. ಯಾವ ಹಬ್ಬ ಅಂತ ಕೇಳಿದೆ, ಇನ್ನೂ ಉತ್ತರ ಇಲ್ಲ.